ಸರಾಸರಿ ಹನ್ನೆರಡು

ಪಕ್ಕದ ಮನೆಯ ಏಳನೇ ತರಗತಿ ಹುಡುಗ ನನ್ನ ಹತ್ತಿರ ಗಣಿತ ಕಲಿಯಲು ಬರುತ್ತಾನೆ. ವರ್ಷಕ್ಕೆ ಐದು ಟೆಸ್ಟ್, ಒಂದೊಂದಕ್ಕೆ 20 ಅಂಕ. ಮೊದಲೆರಡರಲ್ಲಿ ಬಂದದ್ದು 6 ಮತ್ತು 8.

“ಸರಾಸರಿ 12 ಬಂದ್ರೆ ಅಪ್ಪ ಸೈಕಲ್ ಕೊಡಿಸ್ತಾರೆ ತಾತ. ಇನ್ನು ಮೂರರಲ್ಲೂ 12 ತೆಗೆದ್ರೆ ಆಯ್ತಲ್ವಾ?” ಎಂದ.

ಬ್ಯಾಂಕಿನ ಲೆಡ್ಜರ್ ಬರೆದ ಕೈ ನನ್ನದು, ಕೊರತೆ ಮೊದಲು ಕಣ್ಣಿಗೆ ಬೀಳುತ್ತದೆ. ಐದು ಟೆಸ್ಟಿಗೆ ಸರಾಸರಿ 12 ಎಂದರೆ ಒಟ್ಟು 60. ಕೈಯಲ್ಲಿರುವುದು 14. ಉಳಿದ 46 ಮೂರೇ ಟೆಸ್ಟಿನಲ್ಲಿ ಬರಬೇಕು, ಅಂದರೆ ಒಂದೊಂದರಲ್ಲೂ 15ಕ್ಕಿಂತ ಸ್ವಲ್ಪ ಹೆಚ್ಚು. ಹುಡುಗನ ಮುಖ ಬಾಡಿತು.

ಎರಡನೇ ಉತ್ತರಪತ್ರಿಕೆ ತರಿಸಿದೆ. ಹೋದ 12 ಅಂಕಗಳಲ್ಲಿ 7 ಭಿನ್ನರಾಶಿಯದೇ. ಅಂಶದ ಜೊತೆ ಛೇದವನ್ನೂ ಕೂಡಿಬಿಟ್ಟಿದ್ದ!

ಒಂದು ಹಾಳೆಯಲ್ಲಿ ಬರೆದುಕೊಟ್ಟೆ: “ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಾಲ್ಕು ಭಿನ್ನರಾಶಿ ಲೆಕ್ಕ. ಶನಿವಾರ ಪುಸ್ತಕ ಮುಚ್ಚಿ ಹೊಸ ಹತ್ತು. ಎಂಟು ಸರಿಯಾದರೆ ಮುಂದಿನ ಪಾಠ. ಇಲ್ಲದಿದ್ದರೆ ತಪ್ಪಿದ ಬಗೆಯ ಲೆಕ್ಕಗಳೇ ಇನ್ನೊಂದು ವಾರ. ಮಾಡಿದ್ದನ್ನಲ್ಲ, ಸರಿಯಾದದ್ದನ್ನು ಎಣಿಸು.”

ಮೊದಲ ಶನಿವಾರ ಐದು, ಮೂರನೆಯ ವಾರ ಎಂಟು. ಮೂರನೇ ಟೆಸ್ಟಿನಲ್ಲಿ 13 ಬಂತು. ನಾನು ಬಾಯಿ ತೆರೆಯುವ ಮೊದಲೇ ಅವನು, “ಇನ್ನೂ 33 ಬೇಕು ತಾತ, ಒಂದೊಂದರಲ್ಲಿ ಹದಿನಾರೂವರೆ” ಎಂದು ಹಾಳೆ ತಿದ್ದಲು ಪೆನ್ಸಿಲ್ ಕೇಳಿದ.