ಇನ್ನೂರು ಬಟ್ಟಲು ಕಾಫಿ

ಸೋಲಾಪುರ, ಅಕ್ಕಲಕೋಟೆಗಳ ಕಡೆಗಿನ ನಾವು ಚಹಾದ ಜನ. ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಪಾತೇಲಿಯಲ್ಲಿ ಕುದಿಸುವುದು ನಮ್ಮ ಕೈಗೆ ಹತ್ತಿದ ರೂಢಿ. ಚಹಾ ಆ ಕುದಿತವನ್ನು ತಾಳಿಕೊಳ್ಳುತ್ತದೆ, ಕಾಫಿ ತಾಳುವುದಿಲ್ಲ. ಮೈಸೂರು, ಬೆಂಗಳೂರುಗಳಿಂದ ಬೀಗರು ಬರುವ ಕಾರ್ಯಗಳಲ್ಲಿ ಈ ಭೇದ ಬೇಗನೆ ಬಯಲಾಗುತ್ತದೆ. ಮೊದಲ ಸಾಲಿನವರು ಮೆಚ್ಚಿ ಕುಡಿದ ಕಾಫಿಯನ್ನು ಒಂದು ಗಂಟೆಯ ಬಳಿಕ ಬಂದವರು ಅರ್ಧಕ್ಕೇ ಕೆಳಗಿಡುತ್ತಾರೆ.

ಅಕ್ಕಲಕೋಟೆಯಲ್ಲಿ ನಮ್ಮ ಮನೆಯ ಕುಬಸಕ್ಕೆ ಇನ್ನೂರು ಬಟ್ಟಲು ಕಾಫಿ ಬೇಕಿತ್ತು. ಮೈಸೂರಿನಿಂದ ಬಂದ ನಮ್ಮ ಅತ್ತಿಗೆಯವರು ಅಡುಗೆಯವರಿಗೆ, "ಅಣ್ಣಾ, ಡಿಕಾಕ್ಷನ್ನನ್ನು ಒಲೆಯ ಮೇಲೆ ಇಡಲೇಬೇಡಿ" ಎಂದು ಮೊದಲೇ ಹೇಳಿದರು. ಅಂದಿನ ಲೆಕ್ಕವನ್ನೇ ನಾವು ಇಂದಿಗೂ ಅನುಸರಿಸುತ್ತೇವೆ.

ನೂರು ಮಿಲಿಲೀಟರಿನ ಬಟ್ಟಲಿಗೆ ಕಾಲು ಭಾಗ ಡಿಕಾಕ್ಷನ್, ಮುಕ್ಕಾಲು ಭಾಗ ಹಾಲು. ಅಂದರೆ ಇನ್ನೂರು ಬಟ್ಟಲಿಗೆ 5 ಲೀಟರ್ ಡಿಕಾಕ್ಷನ್, 15 ಲೀಟರ್ ಹಾಲು. ನಮ್ಮ ಕಡೆಯ ಎಮ್ಮೆಯ ಹಾಲು ಗಟ್ಟಿಯಾದ್ದರಿಂದ 12 ಲೀಟರ್ ಹಾಲಿಗೆ 3 ಲೀಟರ್ ನೀರು ಬೆರೆಸಿದರೆ ಸಾಕು. ಪುಡಿ 1 ಕಿಲೋ, ಸಕ್ಕರೆಯೂ ಹೆಚ್ಚುಕಡಿಮೆ ಅಷ್ಟೇ. ಪುಡಿಯು ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಉಳಿಸಿಕೊಳ್ಳುವುದರಿಂದ, 5 ಲೀಟರ್ ದೊರೆಯಲು 7 ಲೀಟರ್ ನೀರು ಬೇಕು.

ಆದರೆ ಇಷ್ಟನ್ನೂ ಒಮ್ಮೆಗೇ ಇಳಿಸಬಾರದು. ಅರ್ಧ ಕಿಲೋ ಪುಡಿ, ಮೂರೂವರೆ ಲೀಟರ್ ನೀರು ಹೀಗೆ ಎರಡು ಸಲ ಮಾಡಬೇಕು. ಕುದಿದ ನೀರನ್ನು ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ ತುಸು ತರಿಯಾದ ಪುಡಿ ಹಾಕಿ, ಕಲಕಿ, ಎಂಟು ನಿಮಿಷ ಮುಚ್ಚಿಡಬೇಕು. ಆಮೇಲೆ ಸಾಬೂನಿನ ವಾಸನೆಯಿಲ್ಲದ ತೆಳು ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯನ್ನು ಹಿಂಡಿದರೆ ಸಣ್ಣ ಪುಡಿಯೊಡನೆ ಕಹಿಯೂ ಇಳಿಯುತ್ತದೆ. ಚರಟದ ಮೇಲೆ ಮತ್ತೆ ನೀರು ಹೊಯ್ದರೆ ಬಣ್ಣ ಬರುವುದು, ರುಚಿ ಬಾರದು.

ಬಿಸಿ ಕಾಯ್ದುಕೊಳ್ಳುವುದಕ್ಕೆ ದೊಡ್ಡ ಪಾತೇಲಿಯಲ್ಲಿ ಬಿಸಿನೀರು ತುಂಬಿ, ಅದರೊಳಗೆ ಡಿಕಾಕ್ಷನ್ನಿನ ಪಾತ್ರೆಯನ್ನು ಮುಚ್ಚಿ ಇಡಬೇಕು. ಹೊರಗಿನ ನೀರಿನಲ್ಲಿ ಗುಳ್ಳೆ ಏಳಬಾರದು. ನೇರ ಉರಿ ತಗುಲಿದರೆ ಪರಿಮಳ ಹಾರಿಹೋಗಿ ಸುಟ್ಟ ಕಹಿ ಉಳಿಯುತ್ತದೆ. ಹಾಲು ಬೇರೆ ಒಲೆಯಲ್ಲಿ ಸಣ್ಣ ಉರಿಯ ಮೇಲಿರಲಿ, ತಳ ಹತ್ತದಂತೆ ಕೈಯಾಡಿಸುತ್ತಿರಲಿ. ಇಪ್ಪತ್ತು ಜನ ಕುಳಿತಾಗ ಅರ್ಧ ಲೀಟರ್ ಡಿಕಾಕ್ಷನ್ನಿಗೆ ಒಂದೂವರೆ ಲೀಟರ್ ಹಾಲು ಬೆರೆಸಿ, ಅಷ್ಟನ್ನೇ ಕೊಡಬೇಕು. ಬೆರೆಸಿದ ಕಾಫಿಯನ್ನು ಮರಳಿ ಕಾಯಿಸಬಾರದು.

ಇಂಥ ಜಾಗ್ರತೆಯಿದ್ದರೂ ಡಿಕಾಕ್ಷನ್ ಒಂದು ಗಂಟೆ ಚೆನ್ನಾಗಿರುತ್ತದೆ, ಆಮೇಲೆ ಇಳಿಮುಖ. ಮುಚ್ಚಳ ತೆರೆದಾಗ ಪರಿಮಳ ಮೂಗಿಗೆ ಬಾರದೆ, ಒಂದು ಚಮಚ ಸವಿದರೆ ಗಂಟಲಲ್ಲಿ ಒಗರು ನಿಂತರೆ, ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ಎರಡನೆಯ ಅರ್ಧ ಕಿಲೋ ಪುಡಿಗೆ ನೀರಿಡುವ ಹೊತ್ತು ಅದು. ಆ ಕುಬಸದಲ್ಲಿ ಕಡೆಯ ಬಸ್ಸಿಗೆ ಹೊರಟ ಸೋಲಾಪುರದ ಹಿರಿಯರಿಗೆ ಸಿಕ್ಕದ್ದು ಆ ಎರಡನೆಯ ಪಾತ್ರೆಯ ಕಾಫಿ. ಚಹಾವನ್ನೇ ಕೇಳಲು ಬಂದಿದ್ದ ಅವರು ಇನ್ನೊಂದು ಬಟ್ಟಲು ಬೇಡಿದರು.