866ರಲ್ಲಿ ಉಳಿದದ್ದು ಎಲ್ಲಿಗ್ ಹೋಯ್ತ್?

ಬಿಜೂರಿನ ನಮ್ಮನೆ ಚಾವಡಿಯಲ್ಲಿ ವೈಫೈ ರೂಟರ್‌ನ ಎದುರಿಗೇ ಕೂತು ಲ್ಯಾಪ್‌ಟಾಪ್ ಸೆಟ್ಟಿಂಗ್ಸ್ ತೆರೆದರೆ Link speed 866 Mbps ಅಂತ ತೋರಿಸತ್ತೆ. ಅದೇ ರೂಟರ್‌ಗೆ ಕೇಬಲ್ ಹಾಕಿದ ಪೀಸಿಯಿಂದ ದೊಡ್ಡ ಫೈಲ್ ಎಳೆದರೆ ಬರೋದು 540ರ ಆಸುಪಾಸು. ಡೇಟಾ ಮನೆಯಿಂದ ಹೊರಗೇ ಹೋಗಿಲ್ಲ, ಹಾಗಾಗಿ ಇಂಟರ್ನೆಟ್ ಪ್ಲಾನನ್ನ ಬೈಯೋ ಹಾಗೂ ಇಲ್ಲ. ಈ ರಜೆಯಲ್ಲಿ ಪಿಯುಸಿ ಓದೋ ತಮ್ಮ ಇದನ್ನ ನೋಡಿ, "ಅಣ್ಣ, ಉಳ್ದದ್ ಎಲ್ಲಿಗ್ ಹೋಯ್ತ್?" ಅಂತ ಕೇಳಿದ. ಪ್ರಶ್ನೆ ಸಣ್ಣದು, ಲೆಕ್ಕ ಮಾಡೋಕೆ ಒಂದು ಸಂಜೆ ಬೇಕಾಯ್ತು.

ಮೊದಲು 866 ಅಂದ್ರೇನು ನೋಡಿ. ಪ್ಯಾಕೆಟ್‌ನ ಡೇಟಾ ಭಾಗ ಗಾಳಿಯಲ್ಲಿ ಇರುವಷ್ಟು ಹೊತ್ತು ಬಿಟ್‌ಗಳು ಓಡೋ ವೇಗ ಅದು. ಅಷ್ಟೇ. ಅದಕ್ಕೆ ಮೊದಲು ಎಷ್ಟು ಕಾಯಬೇಕು, ಆಮೇಲೆ ಏನಾಗತ್ತೆ ಅನ್ನೋದು ಆ ನಂಬರಿನಲ್ಲಿ ಇಲ್ಲ. ನಮ್ಮೂರ ಕೊಂಕಣ ರೈಲ್ವೆಯನ್ನೇ ತಗೊಳ್ಳಿ. ಒಂದೇ ಹಳಿ. ಗಾಡಿ ಎಷ್ಟೇ ಜೋರಾಗಿ ಓಡಲಿ, ಮುಂದಿನ ಲೈನ್ ಖಾಲಿ ಆಗೋವರೆಗೆ ನಿಲ್ಲಲೇಬೇಕು. ಊರು ಸೇರೋ ಹೊತ್ತನ್ನ ತೀರ್ಮಾನ ಮಾಡೋದು ಎಂಜಿನ್ ಒಂದೇ ಅಲ್ಲ.

ವೈಫೈಯಲ್ಲಿ ಆ ಹಳಿ ಅಂದ್ರೆ ಚಾನೆಲ್. 1500 ಬೈಟಿನ ಒಂದು ಪ್ಯಾಕೆಟ್ ಕಳಿಸೋಕೆ 866ರ ವೇಗದಲ್ಲಿ ಸುಮಾರು 14 ಮೈಕ್ರೊಸೆಕೆಂಡ್ ಸಾಕು. ಆದರೆ ಅದಕ್ಕೂ ಮೊದಲು ಚಾನೆಲ್ ಖಾಲಿ ಇದೆಯಾ ಅಂತ 34 ಮೈಕ್ರೊಸೆಕೆಂಡ್ ಕೇಳಿಸ್ಕೊಬೇಕು. ಇಬ್ಬರು ಒಟ್ಟಿಗೇ ನುಗ್ಗಬಾರದು ಅಂತ ಮೇಲಿಂದ ರ‍್ಯಾಂಡಮ್ ಆಗಿ, ಸರಾಸರಿ 67ರಷ್ಟು ಕಾಯಬೇಕು. ಆಮೇಲೆ "ನಾನು ಬರ್ತಿದ್ದೇನೆ" ಅಂತ ಎಲ್ಲರಿಗೂ ತಿಳಿಸೋ ಪ್ರಿಯಾಂಬಲ್, 44. ಡೇಟಾ ಹೋದ ಮೇಲೆ 16ರ ಬಿಡುವು, ಕೊನೆಗೆ "ತಲುಪಿತು" ಅನ್ನೋ ಎಸಿಕೆ, 28. ಕೂಡಿಸಿದರೆ 203. ಅಂದ್ರೆ 14ರ ಕೆಲಸಕ್ಕೆ 203 ಖರ್ಚು! ಹೀಗೆ ಒಂದೊಂದೇ ಪ್ಯಾಕೆಟ್ ಕಳಿಸಿದರೆ ಸಿಗೋದು 60 ಎಂಬಿಪಿಎಸ್ ಕೂಡ ಅಲ್ಲ. ಲಿಂಕ್ ಸ್ಪೀಡನ್ನ ಇನ್ನೂ ಎರಡು ಪಟ್ಟು ಮಾಡಿದರೂ ಆ 14 ಮಾತ್ರ 7 ಆಗತ್ತೆ, ಉಳಿದದ್ದು ಹಾಗೇ ಇರತ್ತೆ.

ಅದಕ್ಕೇ ಅಗ್ರಿಗೇಶನ್ ಬಂದಿದ್ದು. ಒಂದು ಸಲ ಕಾದು, ಒಂದು ಪ್ರಿಯಾಂಬಲ್ ಹಾಕಿ, 32 ಪ್ಯಾಕೆಟ್ ಒಟ್ಟಿಗೆ ಕಳಿಸಿದರೆ ಡೇಟಾಕ್ಕೆ 448, ಉಳಿದದ್ದಕ್ಕೆ ಮೊದಲಿನಷ್ಟೇ, 190ರ ಹತ್ತಿರ. ಈಗ ಲೆಕ್ಕ 600 ಎಂಬಿಪಿಎಸ್‌ಗೆ ಬರತ್ತೆ. ಅದರಲ್ಲಿ ಹೆಡರ್‌ಗಳು ಒಂದಿಷ್ಟು ತಿಂತವೆ. ಜೊತೆಗೆ ಲ್ಯಾಪ್‌ಟಾಪ್ ವಾಪಸ್ ಕಳಿಸೋ ಟಿಸಿಪಿ ಎಸಿಕೆಗಳೂ ಅದೇ ಚಾನೆಲ್‌ನಲ್ಲಿ ಸರದಿ ಕಾದು ಹೋಗಬೇಕು. ಹೀಗೆ 540.

ಇದು ಚಾವಡಿಯಲ್ಲಿ ನಾನೊಬ್ಬನೇ ಇದ್ದಾಗಿನ ಕಥೆ. ಮರುದಿನ ಅದೇ ಜಾಗದಲ್ಲಿ 120 ಬಂತು. ಸ್ಕ್ರೀನ್ ಮೇಲೆ ಮಾತ್ರ ಅದೇ 866. ಹುಡುಕಿದರೆ, ಮಾವ ಬಾವಿಕಟ್ಟೆ ಮೇಲೆ ಕೂತು ಮದುವೆ ವೀಡಿಯೊ ಅಪ್‌ಲೋಡ್ ಮಾಡ್ತಿದ್ರು. ನಡುವೆ ಎರಡು ಕೆಂಪುಕಲ್ಲಿನ ಗೋಡೆ. ಸಿಗ್ನಲ್ ಸೋತು ಅವರ ಫೋನು 6 ಎಂಬಿಪಿಎಸ್‌ಗೆ ಇಳಿದಿತ್ತು. ಆ ವೇಗದಲ್ಲಿ ಒಂದೇ ಒಂದು ಪ್ಯಾಕೆಟ್‌ಗೆ ಕಾಯೋದೂ ಸೇರಿ ಸುಮಾರು 2200 ಮೈಕ್ರೊಸೆಕೆಂಡ್ ಬೇಕು. ವೈಫೈ ಎಲ್ಲರಿಗೂ ಸಮನಾಗಿ ಹಂಚೋದು ಸರದಿಯನ್ನ, ಸಮಯವನ್ನಲ್ಲ. ನನ್ನ 32 ಪ್ಯಾಕೆಟ್ ಗುಂಪು 640ರಲ್ಲಿ ಮುಗಿಯತ್ತೆ, ಆಮೇಲೆ ಮಾವನ ಒಂದು ಪ್ಯಾಕೆಟ್‌ಗೋಸ್ಕರ 2200 ಕಾಯಬೇಕು. ಲೆಕ್ಕ ಹಾಕಿದರೆ ನನಗೆ 135, ಮಾವನಿಗೆ 4. ಇಬ್ಬರಿಗೂ ಬೇಜಾರು. 2003ರಲ್ಲೇ ಫ್ರಾನ್ಸಿನ ಸಂಶೋಧಕರು ಇದನ್ನ ಪರ್ಫಾರ್ಮೆನ್ಸ್ ಅನಾಮಲಿ ಅಂತ ಕರೆದು ಪೇಪರ್ ಬರೆದಿದ್ದಾರೆ.

ನಿಮ್ಮ ರೂಮಿನಲ್ಲೂ ನೋಡಬಹುದು. ಕೇಬಲ್ ಹಾಕಿದ ಪೀಸಿಯಲ್ಲಿ ಮೊದಲನೆಯದು, ಲ್ಯಾಪ್‌ಟಾಪಿನಲ್ಲಿ ಎರಡನೆಯದು. ಐಪಿ ನಿಮ್ಮ ಪೀಸಿಯದ್ದು ಹಾಕಿ:

```
iperf3 -s
iperf3 -c 192.168.1.10 -R
```

ಲಿಂಕ್ ಸ್ಪೀಡೇ ಇಳಿದಿದ್ರೆ ತೊಂದರೆ ನಿಮ್ಮ ಸಿಗ್ನಲ್‌ನಲ್ಲಿ. ಅದು ಗಟ್ಟಿ ನಿಂತು iperf3 ಮಾತ್ರ ಬಿದ್ರೆ, ಹೆಚ್ಚಾಗಿ ನಿಮ್ಮ ಏರ್‌ಟೈಮನ್ನ ಬೇರೆ ಯಾರೋ ತಿಂತಿದ್ದಾರೆ. ಅದು ನಿಮ್ಮ ರೂಟರ್‌ದೇ ಫೋನ್ ಆಗಬೇಕು ಅಂತಿಲ್ಲ. ಹಾಸ್ಟೆಲಿನಲ್ಲಿ ಪಕ್ಕದ ರೂಮಿನ ಹಾಟ್‌ಸ್ಪಾಟ್ ಅದೇ ಚಾನೆಲ್‌ನಲ್ಲಿದ್ರೂ ಸಾಕು.

ಕೆಲವು ರೂಟರ್‌ಗಳಲ್ಲಿ ಸರದಿಯ ಬದಲು ಸಮಯವನ್ನ ಸಮ ಹಂಚೋ ಏರ್‌ಟೈಮ್ ಫೇರ್‌ನೆಸ್ ಇರತ್ತೆ. ಆದರೆ ರೂಟರ್‌ಗೆ ಹಿಡಿತ ಇರೋದು ತಾನು ಕಳಿಸೋ ಪ್ಯಾಕೆಟ್‌ಗಳ ಮೇಲೆ. ಮಾವನ ಫೋನು ತಾನಾಗಿ ಅಪ್‌ಲೋಡ್ ಮಾಡ್ತಾ ಇದ್ರೆ ಅದರಿಂದ ಹೆಚ್ಚೇನೂ ಆಗಲ್ಲ. ಹಾಗಾಗಿ ಫೋನನ್ನ 2.4 ಗಿಗಾಹರ್ಟ್ಸ್‌ನ ನೆಟ್‌ವರ್ಕಿಗೆ ಹಾಕಿಕೊಟ್ಟೆ. ಅದು ಗೋಡೆ ದಾಟೋದ್ರಲ್ಲಿ ಸ್ವಲ್ಪ ಗಟ್ಟಿ, ಹಳಿಯೂ ಬೇರೆ. ವೀಡಿಯೊ ಸಂಜೆಯೊಳಗೆ ಮುಗೀತು, ಚಾವಡಿಯಲ್ಲಿ 540 ವಾಪಸ್ ಬಂತು.