ಪಾಲು ತಿಂದ ಅಣ್ಣ

ವಿಜಯವಾಡದಲ್ಲಿ ತೆಲುಗು ಕಲಿತ ಮಗಳು, ನನಗೆ ವರ್ಗವಾದ ಮೇಲೆ ಕನ್ನಡವನ್ನೂ ಸರಸರನೆ ಓದತೊಡಗಿದಳು. ಲಿಪಿಗಳು ಅಕ್ಕತಂಗಿಯರಲ್ಲವೆ? ರಜೆಯಲ್ಲಿ 12 ಕಥೆಪುಸ್ತಕ ಮುಗಿದವು, ನಾವು ಕಡತದ ಮೇಲೆ ‘ನೋಡಿದೆ’ ಎಂದು ಸಹಿ ಹಾಕುವ ಹಾಗೆ!

ಮೊನ್ನೆ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಇದನ್ನೇ ಭಾಷಣ ಮಾಡಿದಳು. ‘ತಮ್ಮನ ಪಾಲನ್ನು ಅಣ್ಣ ತಿಂದ’ ಎಂದೊಂದು ವಾಕ್ಯ. ತೆಲುಗಿನಲ್ಲಿ ಪಾಲು ಎಂದರೆ ಹಾಲು. (ಭಾಗ ಎಂಬ ಅರ್ಥ ಅಲ್ಲೂ ಉಂಟು, ಮಕ್ಕಳಿಗೆ ಹೊಳೆಯುವುದು ಹಾಲೇ.) ಮೊದಲ ಸಲ ಪುಟ ಮಗುಚಿಬಿಟ್ಟಿದ್ದಳಂತೆ. ಎರಡನೆಯ ಸಲ ತಡೆಯಿತು: ಹಾಲನ್ನು ತಿನ್ನುವುದುಂಟೆ? ಹಿಂದಿನ ಸಾಲಿಗೆ ಹೋದರೆ ಅಲ್ಲಿ ಅಜ್ಜಿ ಹೋಳಿಗೆ ಹಂಚುತ್ತಿದ್ದಳು!

ಆಮೇಲೆ ಪುಸ್ತಕ ಮುಚ್ಚಿ ಒಂದೊಂದೇ ಕಥೆಯನ್ನು ತನ್ನ ಮಾತಿನಲ್ಲಿ ಹೇಳಿ ನೋಡಿದಳಂತೆ. ಹೇಳಲು ಬಂದದ್ದು ನಾಲ್ಕೇ. ಉಳಿದ ಎಂಟು ಈಗ ಮತ್ತೆ ಕಪಾಟಿನಿಂದ ಇಳಿದಿವೆ.